ಒಂದಕ್ಷರ ತಾನೇ, ನಡೆಯುತ್ತೆ ಬಿಡಿ

ಪಾಸ್‌ಬುಕ್ಕಿನಲ್ಲಿ ಅಮ್ಮನ ಹೆಸರು ತಪ್ಪಾಗಿ ಅಚ್ಚಾಗಿದ್ದನ್ನು ಕಂಡ ದಿನ ಎಲ್ಲರೂ ಹೇಳುವ ಮಾತು ಒಂದೇ: "ಒಂದಕ್ಷರ ತಾನೇ, ನಡೆಯುತ್ತೆ ಬಿಡಿ." ಮಗ ಹೇಳುತ್ತಾನೆ, ಕೌಂಟರಿನವನು ಹೇಳುತ್ತಾನೆ, ಪಕ್ಕದಲ್ಲಿ ಚಲನ್ ತುಂಬುತ್ತಿದ್ದವರೂ ಹೇಳುತ್ತಾರೆ. ಎಷ್ಟೋ ವರ್ಷ ನಡೆದೂಬಿಡುತ್ತದೆ. ಆಮೇಲೊಂದು ತಿಂಗಳು ಸಂಧ್ಯಾ ಸುರಕ್ಷಾದ 1,200 ರೂಪಾಯಿ ಬರುವುದಿಲ್ಲ. ಮುಂದಿನ ತಿಂಗಳೂ ಇಲ್ಲ. ಆಗ ಅದೇ ಮಗ ಬೆಂಗಳೂರಿನಿಂದ ಫೋನು ಮಾಡಿ, "ಬ್ಯಾಂಕಿಗೆ ಹೋಗಿ ಕೇಳಮ್ಮ" ಎನ್ನುತ್ತಾನೆ. ಎಪ್ಪತ್ತರ ಹೆಂಗಸು ಬಸ್ಸು ಹಿಡಿದು ಹೋಬಳಿಗೆ ಬಂದು ಸಾಲಿನಲ್ಲಿ ನಿಲ್ಲುತ್ತಾಳೆ. ಕೌಂಟರಿನವನು ಪರದೆ ನೋಡಿ, "ಆಧಾರ್ ಸರಿ ಮಾಡಿಸ್ಕೊಂಡು ಬಾ ಅಜ್ಜಿ" ಎಂದು ಪಾಸ್‌ಬುಕ್ಕನ್ನು ಹಿಂದಕ್ಕೆ ತಳ್ಳುತ್ತಾನೆ.

ನಾನು ಆ ಕೌಂಟರಿನ ಒಳಗಡೆ ಕೂತು ನಿವೃತ್ತನಾದವನು. ಒಳಗಿನವರ ಸೋಮಾರಿತನವೂ ಗೊತ್ತು, ಹೊರಗಿನವರ ಉದಾಸೀನವೂ ಗೊತ್ತು. ಎರಡಕ್ಕೂ ಬೈಯಲೇಬೇಕು. ಆದರೆ ಬೈಯುವುದಕ್ಕೆ ಮೊದಲು ಹಣ ನಿಂತದ್ದು ಎಲ್ಲಿ ಎಂಬುದು ತಿಳಿದಿರಬೇಕು. ಅದನ್ನು ಯಾರೂ ಕೇಳುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಅಜ್ಜಿಯ ಹೆಸರು ಲಕ್ಷ್ಮಮ್ಮ ಎಂದಿರಲಿ. ಆಧಾರ್ ಕಾರ್ಡಿನಲ್ಲಿ Lakshmamma ಎಂದಿದೆ, ಗಂಡನ ಹೆಸರು ವಿಳಾಸದ ಸಾಲಿನಲ್ಲಿ ಇದೆ. ಮತದಾರರ ಚೀಟಿಯಲ್ಲೂ ಪಿಂಚಣಿ ಮಂಜೂರಾತಿ ಆದೇಶದಲ್ಲೂ ಹಾಗೇ ಇದೆ. ಬ್ಯಾಂಕಿನ ಪರದೆಯ ಮೇಲೆ ಮಾತ್ರ LAXMAMMA KENCHAPPA. ಇಲ್ಲಿರುವ ವ್ಯತ್ಯಾಸ ಒಂದಲ್ಲ, ಎರಡು. ಉದ್ಯೋಗ ಖಾತ್ರಿ ಕೂಲಿಗೆಂದು ಊರಿನ ಶಿಬಿರದಲ್ಲಿ ಖಾತೆ ತೆರೆದಾಗ, ಅಜ್ಜಿ ಬಾಯಲ್ಲಿ ಹೇಳಿದ ಹೆಸರನ್ನು ಟೈಪು ಮಾಡುವ ಹುಡುಗ ತನಗೆ ರೂಢಿಯಿದ್ದ ಕಾಗುಣಿತದಲ್ಲಿ ಹೊಡೆದ. ಉತ್ತರ ಕರ್ನಾಟಕದ ಕಡೆಯವರಿಗೆ ಎಕ್ಸ್ ಬರೆಯುವುದು ಸಹಜ, ಈ ಕಡೆಯವರಿಗೆ ಕೆಎಸ್‌ಎಚ್. ಅದಾದ ಮೇಲೆ ಸಾಫ್ಟ್‌ವೇರ್ ಉಪನಾಮ ಕೇಳಿತು. ನಮ್ಮ ಹಳ್ಳಿಯ ಹೆಂಗಸರಿಗೆ ಉಪನಾಮ ಎಲ್ಲಿಂದ ಬರಬೇಕು? ಖಾನೆ ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲಿಲ್ಲವೆಂದು ಗಂಡನ ಹೆಸರನ್ನು ಅಲ್ಲಿ ತುಂಬಿದ. ಶಿಬಿರದ ಗುರಿ ಮುಟ್ಟಿತು, ಎಲ್ಲರೂ ಚಹಾ ಕುಡಿದು ಹೋದರು.

ಪಿಂಚಣಿ ಮನಿಯಾರ್ಡರಿನಲ್ಲಿ ಬರುತ್ತಿದ್ದ ಕಾಲದಲ್ಲಿ ಇದರಿಂದ ತೊಂದರೆ ಇರಲಿಲ್ಲ. ಅಂಚೆಯವನು ಮುಖ ನೋಡಿ ಕೊಡುತ್ತಿದ್ದ. ಅವನಿಗೆ ಕಾಗುಣಿತ ಬೇಕಿರಲಿಲ್ಲ. ಈಗ ಹಣ ಬರುವುದು ಆಧಾರ್ ಸಂಖ್ಯೆಯ ಮೇಲೆ. ಬಹಳ ಜನ ತಪ್ಪು ತಿಳಿದಿರುವುದು ಇಲ್ಲೇ. ಖಜಾನೆಯಿಂದ ಹೊರಟ ಹಣ ಹೆಸರು ನೋಡಿ ದಾರಿ ಹುಡುಕುವುದಿಲ್ಲ. ಯಾವ ಆಧಾರ್ ಸಂಖ್ಯೆಗೆ ಯಾವ ಬ್ಯಾಂಕು ಎಂಬ ಒಂದು ಪಟ್ಟಿ ಎನ್‌ಪಿಸಿಐ ಬಳಿ ಇದೆ, ಹಣ ಆ ಪಟ್ಟಿ ನೋಡಿ ಹೋಗುತ್ತದೆ. ಒಂದು ಆಧಾರ್ ಸಂಖ್ಯೆಗೆ ಒಂದೇ ಬ್ಯಾಂಕು. ಕೊನೆಯಲ್ಲಿ ಯಾವ ಬ್ಯಾಂಕು ಜೋಡಿಸಿತೋ ಅದೇ ಉಳಿಯುತ್ತದೆ.

ಹಾಗಿದ್ದರೆ ಹೆಸರು ಅಡ್ಡ ಬರುವುದು ಎಲ್ಲಿ? ಆ ಪಟ್ಟಿಗೆ ಸೇರುವ ಬಾಗಿಲಲ್ಲಿ. ಖಾತೆಯನ್ನು ಆಧಾರಿಗೆ ಜೋಡಿಸಿ ಪಟ್ಟಿಗೆ ಕಳಿಸಬೇಕಾದದ್ದು ಬ್ಯಾಂಕು. ಜೋಡಿಸುವ ಮುಂಚೆ ಅದು ತನ್ನ ದಾಖಲೆಯ ಹೆಸರನ್ನೂ ಆಧಾರಿನ ಹೆಸರನ್ನೂ ಎದುರುಬದುರು ಇಡುತ್ತದೆ. ಹೊಂದದಿದ್ದರೆ ಅರ್ಜಿ ಅಲ್ಲೇ ಬಿದ್ದಿರುತ್ತದೆ. ಇನ್ನೊಂದು ಕಡೆ, ಇಲಾಖೆಯವರು ಫಲಾನುಭವಿಗಳ ಪಟ್ಟಿಯನ್ನು ಪರಿಶೀಲಿಸುವಾಗಲೂ ಹೆಸರು ಹೊಂದದವರನ್ನು ಬದಿಗಿಡಬಹುದು. ಎರಡೂ ಕಡೆ ಅಜ್ಜಿಗೆ ಕಾಣುವುದು ಒಂದೇ, ಹಣ ಬಂದಿಲ್ಲ. ಆದರೆ ಮದ್ದು ಬೇರೆ ಬೇರೆ.

ಆದ್ದರಿಂದ ಬ್ಯಾಂಕಿನ ಮೆಟ್ಟಿಲು ಹತ್ತುವ ಮೊದಲು ನಾಡಕಚೇರಿಗೆ ಹೋಗಿ, ಪಿಂಚಣಿ ಯಾವ ಕಾರಣಕ್ಕೆ ನಿಂತಿದೆ ಎಂದು ಕೇಳಿ ಬರೆದುಕೊಳ್ಳಿ. ಪಾವತಿ ವಿಫಲವಾಗಿದೆಯೋ, ಪಿಂಚಣಿಯನ್ನೇ ತಡೆಹಿಡಿದಿದ್ದಾರೋ ಅಲ್ಲಿ ಗೊತ್ತಾಗಬೇಕು. ಜೊತೆಗೆ ಮೈಆಧಾರ್ ಜಾಲತಾಣದಲ್ಲಿ Bank Seeding Status ತೆರೆದು ನೋಡಿ. ಅಜ್ಜಿಯ ಮೊಬೈಲು ಆಧಾರಿಗೆ ಜೋಡಿಸಿದ್ದರೆ ಓಟಿಪಿ ಬರುತ್ತದೆ, ಐದು ನಿಮಿಷದ ಕೆಲಸ. ಅಲ್ಲಿ Active ಎಂದಿದ್ದು ಬೇರೆ ಯಾವುದೋ ಬ್ಯಾಂಕಿನ ಹೆಸರಿದ್ದರೆ ಹಣ ಆ ಕಡೆ ಹೋಗಿ ಕೂತಿರಬಹುದು. ಎಂದೋ ಯಾವುದೋ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ತೆರೆದ ಖಾತೆ ನೆನಪಿಗೂ ಇರುವುದಿಲ್ಲ. Inactive ಎಂದಿದ್ದರೆ ಬಾಗಿಲು ಹಾಕಿದ್ದು ಬ್ಯಾಂಕಿನಲ್ಲಿ. ಇಷ್ಟು ನೋಡದೆ ಅಮ್ಮನನ್ನು ಬಸ್ಸು ಹತ್ತಿಸುವ ಮಕ್ಕಳಿಗೆ ಒಂದು ಮಾತು: ನೀವು ದಿನಕ್ಕೆ ಹತ್ತು ಬಾರಿ ಫೋನಿನಲ್ಲೇ ಹಣ ಕಳಿಸುತ್ತೀರಿ, ಸಿನಿಮಾ ಟಿಕೆಟ್ಟು ತೆಗೆಯುತ್ತೀರಿ. ಈ ಒಂದು ಪುಟ ತೆರೆಯಲು ಬರುವುದಿಲ್ಲ ಎಂದರೆ ನಂಬುವುದಕ್ಕೆ ಕಷ್ಟ.

ಈಗ ಆ "ಆಧಾರ್ ಸರಿ ಮಾಡಿಸ್ಕೊಂಡು ಬಾ" ಎಂಬ ಮಾತಿಗೆ ಬರೋಣ. ಬ್ಯಾಂಕಿನವರ ಬಾಯಿಂದ ಬರುವ ಅತಿ ಸುಲಭದ, ಅತಿ ಹೊಣೆಗೇಡಿ ಮಾತು ಇದು. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಸಿಗುವ ಅವಕಾಶ ಎರಡೇ ಸಲ. ಅದರಲ್ಲೊಂದನ್ನು ಬ್ಯಾಂಕಿನ ಟೈಪಿಂಗ್ ತಪ್ಪಿಗೆ ಹೊಂದಿಸಲು ಖರ್ಚು ಮಾಡಿದರೆ, ಮಂಜೂರಾತಿ ಆದೇಶ, ರೇಷನ್ ಕಾರ್ಡು, ಮತದಾರರ ಚೀಟಿ, ಪಹಣಿ ಎಲ್ಲವೂ ಆಧಾರಿಗೆ ಹೊಂದದಂತಾಗುತ್ತವೆ. ಒಂದು ತಪ್ಪನ್ನು ತಿದ್ದಲು ಹೋಗಿ ನಾಲ್ಕನ್ನು ತಂದುಕೊಂಡಂತೆ. ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಹರಡಿ ನೋಡಬೇಕು. ಉಳಿದವೆಲ್ಲ ಒಂದು ಹೇಳಿ ಒಂದೇ ದಾಖಲೆ ಬೇರೆ ಹೇಳಿದರೆ ತಿದ್ದಬೇಕಾದದ್ದು ಆ ಒಂದನ್ನು. ಲಕ್ಷ್ಮಮ್ಮನ ವಿಷಯದಲ್ಲಿ ಅದು ಬ್ಯಾಂಕಿನದು. ಎಲ್ಲ ಕಡೆ ಒಂದಾಗಿದ್ದು ಆಧಾರಿನಲ್ಲೇ ಅಕ್ಷರ ಬಿಟ್ಟುಹೋಗಿ Lakshamma ಎಂದಾಗಿದ್ದರೆ ಆಗ ಆಧಾರ್ ಕೇಂದ್ರಕ್ಕೆ ಹೋಗುವುದು ಸರಿ. ಮಂಜೂರಾತಿ ಆದೇಶವೇ ತಪ್ಪಿದ್ದರೆ ತಹಶೀಲ್ದಾರ್ ಕಚೇರಿ. ಅದನ್ನು ಬ್ಯಾಂಕು ತಿದ್ದಲಾರದು, ಅಲ್ಲಿ ಜಗಳವಾಡಿ ಫಲವಿಲ್ಲ.

ಎರಡನೆಯ ಚಾಳಿ ಗೆಜೆಟ್ ಕೇಳುವುದು. "ಹೆಸರು ಬದಲಾವಣೆಗೆ ಗೆಜೆಟ್ ಬೇಕು, ಇಲ್ಲದಿದ್ದರೆ ಮದುವೆ ಸರ್ಟಿಫಿಕೇಟ್ ತನ್ನಿ" ಎಂದು ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡಿದ್ದಾರೆ. ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಲ್ಲಿ ಈ ಎರಡರ ಮಾತು ಇರುವುದು ನಿಜ. ಆದರೆ ಅದು ಗುರುತಿನ ಚೀಟಿ ಪಡೆದ ಮೇಲೆ ಹೆಸರನ್ನೇ ಬದಲಿಸಿಕೊಂಡವರ ಪ್ರಶ್ನೆ. ಲಕ್ಷ್ಮಮ್ಮ ಹೆಸರು ಬದಲಿಸಿಕೊಂಡಿಲ್ಲ. ಹುಟ್ಟಿದಾಗಿನಿಂದ ಅವಳು ಲಕ್ಷ್ಮಮ್ಮನೇ. ಬದಲಿಸಿದ್ದು ಬ್ಯಾಂಕು. ಇದು ಬದಲಾವಣೆಯಲ್ಲ, ತಿದ್ದುಪಡಿ. ಬ್ಯಾಂಕು ಹಾಕಿದ ತಪ್ಪಿಗೆ ಎಪ್ಪತ್ತರ ಹೆಂಗಸು ಸರ್ಕಾರಿ ರಾಜ್ಯಪತ್ರದಲ್ಲಿ ಪ್ರಕಟಣೆ ಕೊಡಬೇಕೆಂದು ಕೇಳುವವರಿಗೆ ನಾಚಿಕೆಯಾಗಬೇಕು. ನೋಟರಿಯ ಪ್ರಮಾಣಪತ್ರದ ವಿಷಯವೂ ಅಷ್ಟೇ. ಒಂದು ಕಡೆ ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮೀದೇವಮ್ಮ ಎಂದಿದ್ದರೆ "ಇಬ್ಬರೂ ಒಬ್ಬರೇ" ಎಂಬ ಪ್ರಮಾಣಪತ್ರ ಕೇಳುವುದು ನ್ಯಾಯ. ಬೇರೆಯವರ ಹಣ ಬೇರೆಯವರ ಪಾಲಾಗಬಾರದು ಎಂಬ ಎಚ್ಚರಿಕೆ ಬ್ಯಾಂಕಿಗೆ ಇರಲೇಬೇಕು. ಎಕ್ಸ್ ಮತ್ತು ಕೆಎಸ್‌ಎಚ್ ನಡುವಿನ ವ್ಯತ್ಯಾಸಕ್ಕೂ, ಫೋಟೊ ಒಂದೇ, ವಿಳಾಸ ಒಂದೇ, ಹೆಬ್ಬೆಟ್ಟು ಒಂದೇ ಇರುವಾಗ, ಛಾಪಾ ಕಾಗದ ಕೇಳುವುದು ಎಚ್ಚರಿಕೆಯಲ್ಲ, ಮೈಗಳ್ಳತನ.

ಇದಕ್ಕೆ ಗ್ರಾಹಕರ ಕೈಯಲ್ಲಿ ಒಂದು ಗಟ್ಟಿ ಆಧಾರವಿದೆ, ಯಾರೂ ಬಳಸುವುದಿಲ್ಲ. ಖಾತೆ ತೆರೆಯುವಾಗ ತುಂಬಿದ ಮೂಲ ಅರ್ಜಿ. ಅದರ ಜೊತೆ ಅಂದು ಕೊಟ್ಟ ಗುರುತಿನ ಚೀಟಿಯ ನಕಲೂ ಇರುತ್ತದೆ. ಅಕ್ರಮ ಹಣ ತಡೆ ಕಾನೂನಿನ ಪ್ರಕಾರ ಗ್ರಾಹಕರ ಗುರುತಿನ ದಾಖಲೆಗಳನ್ನು, ಖಾತೆ ಮುಚ್ಚಿದ ಮೇಲೂ ಕನಿಷ್ಠ ಐದು ವರ್ಷ, ಬ್ಯಾಂಕು ಕಾಪಾಡಬೇಕು. ಹಾಗಾಗಿ ಚಾಲ್ತಿಯಲ್ಲಿರುವ ಖಾತೆಯ ಅರ್ಜಿ "ಸಿಗುತ್ತಿಲ್ಲ" ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಅಂದು ಕೊಟ್ಟ ಚೀಟಿಯಲ್ಲಿ Lakshmamma ಎಂದಿದ್ದು ಪರದೆಯಲ್ಲಿ LAXMAMMA ಎಂದಾಗಿದ್ದರೆ ತಪ್ಪು ಯಾರದು ಎಂಬ ಚರ್ಚೆ ಅಲ್ಲಿಗೆ ಮುಗಿಯಿತು. ಆಧಾರಿನ ಜೊತೆಗೆ ಇನ್ನೊಂದು ಗುರುತು ಕೇಳಿದರೆ ಮತದಾರರ ಚೀಟಿ ಸಾಕು. ಅಧಿಕಾರಿಯ ಸಹಿ ಇರುವ ಉದ್ಯೋಗ ಖಾತ್ರಿ ಜಾಬ್ ಕಾರ್ಡು ಕೂಡ ರಿಸರ್ವ್ ಬ್ಯಾಂಕು ಒಪ್ಪಿದ ಅಧಿಕೃತ ದಾಖಲೆಗಳ ಪಟ್ಟಿಯಲ್ಲೇ ಇದೆ. ರೇಷನ್ ಕಾರ್ಡು ಆ ಪಟ್ಟಿಯಲ್ಲಿಲ್ಲ. ಅದನ್ನು ಹಿಡಿದು ವಾದಿಸುವುದು ಬೇಡ.

ಇನ್ನು ನಮ್ಮ ಕಡೆಯ ದೊಡ್ಡ ಚಟ, ಬಾಯಲ್ಲಿ ಕೇಳುವುದು. "ಸಾರ್, ಸ್ವಲ್ಪ ಹೆಸರು ಸರಿ ಮಾಡಿಕೊಡಿ" ಎನ್ನುತ್ತೇವೆ. "ಆಯ್ತು, ಮಾಡ್ತೀವಿ" ಎನ್ನುತ್ತಾರೆ. ಕೈಮುಗಿದು ಬರುತ್ತೇವೆ. ಬಾಯಿಮಾತಿಗೆ ದಿನಾಂಕವೂ ಇಲ್ಲ, ಸಾಕ್ಷಿಯೂ ಇಲ್ಲ. ಮೂರು ತಿಂಗಳ ಮೇಲೆ ಹೋದರೆ ಆ ಕುರ್ಚಿಯಲ್ಲಿ ಬೇರೆಯವರಿರುತ್ತಾರೆ, ಬ್ಯಾಂಕಿನಲ್ಲಿ ವರ್ಗಾವಣೆ ಮಳೆಗಾಲದಷ್ಟೇ ಖಚಿತ. ಅರ್ಜಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಇಂಗ್ಲಿಷಿನಲ್ಲಿ ಬರೆದರೆ ತೂಕ ಹೆಚ್ಚುತ್ತದೆ ಎಂಬ ಭ್ರಮೆ ಬೇಡ. ಒಂದು ಪುಟ ಮೀರದಿರಲಿ, ಕಷ್ಟದ ಕಥೆ ಬೇಡ. ಹೀಗಿದ್ದರೆ ಸಾಕು:

"ಶಾಖಾ ವ್ಯವಸ್ಥಾಪಕರಿಗೆ. ವಿಷಯ: ಉಳಿತಾಯ ಖಾತೆಯಲ್ಲಿ ಹೆಸರಿನ ಕಾಗುಣಿತ ತಿದ್ದುಪಡಿ ಮತ್ತು ಪಿಂಚಣಿ ಜಮೆಗಾಗಿ ಆಧಾರ್ ಜೋಡಣೆ. ನನ್ನ ಖಾತೆ ಸಂಖ್ಯೆ ಮತ್ತು ಗ್ರಾಹಕ ಸಂಖ್ಯೆ ಹೀಗಿವೆ. ತಮ್ಮ ದಾಖಲೆಯಲ್ಲಿ ಈಗ ಇರುವ ಹೆಸರು LAXMAMMA KENCHAPPA. ಇರಬೇಕಾದ ಹೆಸರು LAKSHMAMMA. ನನಗೆ ಉಪನಾಮವಿಲ್ಲ, ಕೆಂಚಪ್ಪ ಎಂಬುದು ನನ್ನ ಗಂಡನ ಹೆಸರು. ಇದು ಹೆಸರಿನ ಬದಲಾವಣೆಯಲ್ಲ, ನಮೂದಿನ ತಪ್ಪಿನ ತಿದ್ದುಪಡಿ. ಖಾತೆ ತೆರೆದಾಗಿನ ಮೂಲ ಅರ್ಜಿಯೊಂದಿಗೆ ಹೋಲಿಸಿ ನೋಡಲು ಕೋರುತ್ತೇನೆ. ಗ್ರಾಹಕ ದಾಖಲೆ ಹಾಗೂ ಖಾತೆ ಎರಡರಲ್ಲೂ ಹೆಸರು ತಿದ್ದಿ, ನಂತರ ನನ್ನ ಆಧಾರ್ ಸಂಖ್ಯೆಯನ್ನು ಈ ಖಾತೆಗೆ ನೇರ ನಗದು ವರ್ಗಾವಣೆಗಾಗಿ ಜೋಡಿಸಲು ಒಪ್ಪಿಗೆ ನೀಡುತ್ತೇನೆ. ಸಾಧ್ಯವಿಲ್ಲವಾದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು."

ಕೆಳಗೆ ಅಜ್ಜಿಯ ಸಹಿ ಅಥವಾ ಎಡಗೈ ಹೆಬ್ಬೆಟ್ಟು, ದಿನಾಂಕ, ಲಗತ್ತಿಸಿದ ನಕಲುಗಳ ವಿವರ. ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಶಾಖೆಯ ಮೊಹರು, ದಿನಾಂಕ, ತೆಗೆದುಕೊಂಡವರ ಸಹಿ. ಮೊಹರು ಹಾಕಲು ಹಿಂಜರಿದರೆ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.

ಅರ್ಜಿಯಲ್ಲಿ ಗ್ರಾಹಕ ದಾಖಲೆ, ಖಾತೆ ಎಂದು ಎರಡನ್ನೂ ಹೆಸರಿಸಿದ್ದು ಸುಮ್ಮನೆ ಅಲ್ಲ. ಬ್ಯಾಂಕಿನ ಗಣಕದಲ್ಲಿ ಒಬ್ಬ ಗ್ರಾಹಕರಿಗೆ ಒಂದು ಗ್ರಾಹಕ ಸಂಖ್ಯೆ ಇರುತ್ತದೆ, ಸಿಐಎಫ್ ಎನ್ನುತ್ತಾರೆ. ಅದರ ಕೆಳಗೆ ಖಾತೆಗಳು. ಕೆಲವು ವ್ಯವಸ್ಥೆಗಳಲ್ಲಿ ಹೆಸರು ಎರಡು ಕಡೆ ಕೂತಿರುತ್ತದೆ. ಖಾತೆಯ ಹೆಸರನ್ನಷ್ಟೇ ತಿದ್ದಿ ಹೊಸ ಪಾಸ್‌ಬುಕ್ ಅಚ್ಚು ಹಾಕಿ ಕೊಟ್ಟರೆ ಅಜ್ಜಿ ಸಂತೋಷವಾಗಿ ಮನೆಗೆ ಹೋಗುತ್ತಾಳೆ. ಆಧಾರಿಗೆ ಹೋಲಿಸುವ ಗ್ರಾಹಕ ದಾಖಲೆಯಲ್ಲಿ ಮಾತ್ರ ಹಳೆಯ ಎಕ್ಸ್ ಹಾಗೇ ಇರುತ್ತದೆ. ಪಾಸ್‌ಬುಕ್ ಸರಿಯಿದೆ, ಪಿಂಚಣಿ ಬರುತ್ತಿಲ್ಲ ಎಂದು ದೂರುವವರಲ್ಲಿ ಕೆಲವರದು ಇದೇ ಕಥೆ. ಸ್ವಸಹಾಯ ಸಂಘಕ್ಕೆಂದು ಒಮ್ಮೆ, ಬೆಳೆ ಸಾಲಕ್ಕೆಂದು ಇನ್ನೊಮ್ಮೆ ಅರ್ಜಿ ತುಂಬಿ ಒಂದೇ ಬ್ಯಾಂಕಿನಲ್ಲಿ ಎರಡು ಗ್ರಾಹಕ ಸಂಖ್ಯೆ ಆಗಿರುವುದೂ ಉಂಟು. ಆಧಾರ್ ಒಂದಕ್ಕೆ ಅಂಟಿಕೊಂಡಿದ್ದರೆ ಇನ್ನೊಂದಕ್ಕೆ ಜೋಡಿಸಲು ಹೋದಾಗ ಗಣಕ ಒಪ್ಪುವುದಿಲ್ಲ. "ನನ್ನ ಹೆಸರಿನಲ್ಲಿ ಎಷ್ಟು ಗ್ರಾಹಕ ಸಂಖ್ಯೆಗಳಿವೆ?" ಎಂದು ಕೇಳಿ. ಎರಡಿದ್ದರೆ ಒಂದು ಮಾಡಿಸಿ.

ಬ್ಯಾಂಕಿನೊಳಗೆ ಒಬ್ಬರು ತಿದ್ದುತ್ತಾರೆ, ಇನ್ನೊಬ್ಬ ಅಧಿಕಾರಿ ಒಪ್ಪಿಗೆ ಒತ್ತುತ್ತಾರೆ. ಎರಡನೆಯವರು ಒತ್ತುವ ತನಕ ತಿದ್ದಿದ್ದು ತಿದ್ದಿದಂತಲ್ಲ. ಮಧ್ಯಾಹ್ನ ಮೂರಕ್ಕೆ ನಮೂದಿಸಿ, ಅಧಿಕಾರಿ ಊಟಕ್ಕೋ ಮೀಟಿಂಗಿಗೋ ಹೋಗಿ, ಅದು ಸಾಲಿನಲ್ಲೇ ಉಳಿದುಬಿಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. "ಮಾಡಿಯಾಯ್ತು" ಎಂದು ಗುಮಾಸ್ತ ಹೇಳುವುದು ಸುಳ್ಳಲ್ಲ, ಅವನ ಪಾಲಿನದು ಆಗಿರುತ್ತದೆ. ಹಾಗಾಗಿ, "ಅಧಿಕಾರಿಯ ಒಪ್ಪಿಗೆ ಆಯಿತೇ?" ಎಂದು ಎರಡನೆಯ ಪ್ರಶ್ನೆ ಕೇಳಿ. ಆಧಾರ್ ಜೋಡಣೆಯಲ್ಲೂ ಇಂಥದೇ ಎರಡು ಹಂತವಿದೆ. ಕೆವೈಸಿಗೆಂದು ಆಧಾರ್ ಸಂಖ್ಯೆಯನ್ನು ಖಾತೆಗೆ ನಮೂದಿಸುವುದು ಒಂದು, ಎನ್‌ಪಿಸಿಐ ಪಟ್ಟಿಗೆ ಕಳಿಸುವುದು ಇನ್ನೊಂದು. ಮೊದಲನೆಯದನ್ನು ಮಾಡಿ "ಲಿಂಕ್ ಆಗಿದೆ" ಎಂದು ಕಳಿಸಿಬಿಡುತ್ತಾರೆ. ಪಿಂಚಣಿಗೆ ಬೇಕಾದದ್ದು ಎರಡನೆಯದು. ಒಂದೆರಡು ವಾರ ಬಿಟ್ಟು ಮತ್ತೆ Bank Seeding Status ನೋಡಿದರೆ ಸತ್ಯ ಗೊತ್ತಾಗುತ್ತದೆ.

ಅಜ್ಜಿಗೆ ನಡೆಯಲಾಗದಿದ್ದರೆ ಎತ್ತಿಕೊಂಡು ಆಟೋದಲ್ಲಿ ಕೂರಿಸಿ ತರುವ ದೃಶ್ಯ ಈಗಲೂ ಕಾಣುತ್ತದೆ. ಎಪ್ಪತ್ತು ದಾಟಿದವರಿಗೆ, ಅಶಕ್ತರಿಗೆ ಮನೆಬಾಗಿಲಲ್ಲಿ ಮೂಲ ಸೇವೆ ಒದಗಿಸಲು ಪ್ರಯತ್ನಿಸಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕೆವೈಸಿ ಕಾಗದಗಳನ್ನು ಮನೆಯಿಂದಲೇ ಪಡೆಯುವುದೂ ಅದರಲ್ಲಿ ಸೇರಿದೆ. ಕೇಳಿದರೆ ತಾನೇ ಕೊಡುವುದು.

ಅರ್ಜಿ ಕೊಟ್ಟು 30 ದಿನವಾದರೂ ಉತ್ತರವಿಲ್ಲ, ಅಥವಾ ಬಂದ ಉತ್ತರ ಸಮಾಧಾನ ತರಲಿಲ್ಲ ಎಂದಾದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಖರ್ಚಿಲ್ಲ, ವಕೀಲರೂ ಬೇಡ. cms.rbi.org.in ಎಂಬ ತಾಣದಲ್ಲಿ ದಾಖಲಿಸಬಹುದು. ಅಲ್ಲಿ ಮೊದಲು ಕೇಳುವುದೇ ಬ್ಯಾಂಕಿಗೆ ಯಾವಾಗ ದೂರು ಕೊಟ್ಟಿರಿ, ಅದರ ಪ್ರತಿ ಎಲ್ಲಿ ಎಂದು. ಬಾಯಲ್ಲಿ ಕೇಳಿ ಕೈಮುಗಿದು ಬಂದವರಿಗೆ ಇಲ್ಲಿ ತೋರಿಸಲು ಏನೂ ಇರುವುದಿಲ್ಲ. ಆ ಮೊಹರಿನ ಪ್ರತಿಗೆ ಬೆಲೆ ಬರುವುದು ಈಗ.

ಹೆಸರು ತಿದ್ದಿ ಹಣ ಮತ್ತೆ ಬರತೊಡಗಿದ ಕೂಡಲೇ ಇಡೀ ಮನೆ ವಿಷಯವನ್ನು ಮರೆತುಬಿಡುತ್ತದೆ. ನಿಂತುಹೋದ ತಿಂಗಳುಗಳ ಕಂತು? ಬ್ಯಾಂಕು ಹೆಸರು ತಿದ್ದಿದ ಮಾತ್ರಕ್ಕೆ ಅವು ತಾವಾಗಿ ಬರುತ್ತವೆ ಎಂದು ನಂಬಿ ಕೂರಬೇಡಿ. ಅವು ಬ್ಯಾಂಕಿನ ಕೈಯಲ್ಲಿಲ್ಲ. ಪಾಸ್‌ಬುಕ್ಕನ್ನು ಅಚ್ಚು ಹಾಕಿಸಿ, ಪಿಂಚಣಿ ಕೊನೆಯದಾಗಿ ಬಂದ ತಿಂಗಳಿಗೂ ಮತ್ತೆ ಬಂದ ತಿಂಗಳಿಗೂ ಗೆರೆ ಎಳೆಯಿರಿ. ಅದರ ನಕಲು, ತಿದ್ದಿದ ಹೆಸರಿನ ಮೊದಲ ಪುಟದ ನಕಲು, ಬ್ಯಾಂಕಿಗೆ ಕೊಟ್ಟ ಅರ್ಜಿಯ ಪ್ರತಿ, ಈ ಮೂರನ್ನೂ ಲಗತ್ತಿಸಿ ಬಾಕಿ ಕಂತುಗಳಿಗಾಗಿ ತಹಶೀಲ್ದಾರರಿಗೆ ಅರ್ಜಿ ಬರೆದು ನಾಡಕಚೇರಿಯಲ್ಲಿ ಕೊಡಿ, ಅದಕ್ಕೂ ಸ್ವೀಕೃತಿ ಬರೆಸಿಕೊಳ್ಳಿ. ಈ ಸಲ ಅಮ್ಮನನ್ನು ಕಳಿಸದೆ ನೀವೇ ರಜೆ ಹಾಕಿ ಬನ್ನಿ.